ಪರೀಕ್ಷೆಯ ತಿಂಗಳಲ್ಲಿ ಐದು ಗಂಟೆ ನಿದ್ದೆ ಸಾಕೇ?

"ನಮ್ಮ ಮಗಳು ರಾತ್ರಿ ಹನ್ನೊಂದೂವರೆಯವರೆಗೆ ಓದಿ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮತ್ತೆ ಪುಸ್ತಕ ಹಿಡಿಯುತ್ತಾಳೆ. ಪರೀಕ್ಷೆ ಮುಗಿಯುವವರೆಗೆ ಐದು ಗಂಟೆ ನಿದ್ದೆ ಸಾಕಲ್ಲವೇ?"

ಸಾಲದು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವ ನನ್ನನ್ನು ಫೆಬ್ರವರಿ ಬಂತೆಂದರೆ ನೆರೆಹೊರೆಯವರೂ ನೆಂಟರೂ ಹೀಗೆ ವಿಚಾರಿಸುತ್ತಾರೆ. ನಿದ್ದೆಯನ್ನು ಓದಿನ ಎದುರಾಳಿ ಎಂದುಕೊಂಡಿರುವುದರಿಂದಲೇ ಈ ಅನುಮಾನ ಹುಟ್ಟುತ್ತದೆ. ಓದಿನ ಕೆಲಸದಲ್ಲಿ ಒಂದು ಭಾಗ ನಡೆಯುವುದೇ ನಿದ್ದೆಯಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ರಾತ್ರಿ ಎಂಟು ಗಂಟೆಗೆ ಡಿಎನ್‌ಎ ನಕಲಾಗುವ ಕ್ರಮವನ್ನು ಓದಿದಳು ಎಂದುಕೊಳ್ಳಿ. ಎರಡು ಎಳೆಗಳು ಬಿಚ್ಚಿಕೊಳ್ಳುವುದು, ಯಾವ ಕಿಣ್ವ ಎಲ್ಲಿ ಕೆಲಸ ಮಾಡುತ್ತದೆ, ಒಂದು ಎಳೆ ಏಕೆ ತುಂಡುತುಂಡಾಗಿ ತಯಾರಾಗುತ್ತದೆ, ಇವೆಲ್ಲ ಮೊದಲು ದಾಖಲಾಗಲು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಅದು ಕಿವಿಗಳ ನೇರಕ್ಕೆ, ಒಳಗಡೆ, ಎಡಕ್ಕೊಂದು ಬಲಕ್ಕೊಂದು ಇದೆ. ಒಮ್ಮೆ ಓದಿದ್ದನ್ನು ತಕ್ಷಣ ಹಿಡಿದಿಡುವುದರಲ್ಲಿ ಅದು ಬಹಳ ಚುರುಕು. ಆದರೆ ವಿಷಯ ಬಹುಕಾಲ ನಿಲ್ಲಬೇಕಾದರೆ, ಮೊದಲೇ ಗೊತ್ತಿರುವ ಸಂಗತಿಗಳ ಜೊತೆ ಬೆಸೆದುಕೊಳ್ಳಬೇಕಾದರೆ, ಅದು ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಬೇರೂರಬೇಕು. ಹಳೆಯ ಕಾಲದ ಅಂಗಡಿಗಳಲ್ಲಿ ದಿನದ ವ್ಯವಹಾರವನ್ನೆಲ್ಲ ಕಿರ್ದಿಯಲ್ಲಿ ಬರೆದುಕೊಂಡು, ಗಿರಾಕಿಗಳು ಹೋದ ಮೇಲೆ ಅವರವರ ಖಾತೆಗೆ ಏರಿಸುತ್ತಿದ್ದರಲ್ಲ, ಹಾಗೆ. ಗಿರಾಕಿಗಳು ಬರುತ್ತಲೇ ಇದ್ದರೆ ಖಾತೆಗೆ ಏರಿಸಲು ಬಿಡುವು ಸಿಗದು. ಮೆದುಳಿಗೆ ಆ ಬಿಡುವು ಹೆಚ್ಚಾಗಿ ಸಿಗುವುದು ಗಾಢ ನಿದ್ದೆಯಲ್ಲಿ.

ಇದು ಬರೀ ಊಹೆಯಲ್ಲ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮ್ಯಾಕ್‌ನಾಟನ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಒಂದೊಂದೇ ನರಕೋಶದ ಚಟುವಟಿಕೆಯನ್ನು ದಾಖಲಿಸಿದರು. ಅಲ್ಲಿನ ಕೆಲವು ಕೋಶಗಳು ಇಲಿ ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಮಿಡಿಯುತ್ತವೆ. ಎಚ್ಚರವಿದ್ದಾಗ ಓಡಾಡುವಾಗ ಯಾವ ಕೋಶಗಳು ಒಟ್ಟಿಗೆ ಮಿಡಿದಿದ್ದವೋ, ಆಮೇಲೆ ಇಲಿ ಗಾಢ ನಿದ್ದೆಗೆ ಜಾರಿದಾಗ ಅವೇ ಕೋಶಗಳು ಮತ್ತೆ ಒಟ್ಟಿಗೆ ಮಿಡಿಯುತ್ತಿದ್ದವು. ಮಲಗಿದ ಇಲಿಯ ಮೆದುಳು ಹಗಲಿನ ಓಡಾಟವನ್ನು ಮರಳಿ ನಡೆಸುತ್ತಿತ್ತು. ಈ ಮರುನಡೆ ಕ್ಷಣಮಾತ್ರದ ಸಣ್ಣ ಸಣ್ಣ ಅಲೆಗಳಲ್ಲಿ ಆಗುತ್ತದೆ. 2009ರಲ್ಲಿ ಫ್ರಾನ್ಸಿನ ಸಂಶೋಧಕರು ನಿದ್ದೆಯನ್ನು ಕೆಡಿಸದೆ, ಆ ಅಲೆ ಎದ್ದಾಗಲೆಲ್ಲ ಕಿರಿದಾದ ವಿದ್ಯುತ್ ಸ್ಪಂದನದಿಂದ ಅದನ್ನಷ್ಟೇ ತಡೆದರು. ಇಲಿಗಳು ಚೆನ್ನಾಗಿಯೇ ಮಲಗಿದ್ದವು, ಆದರೆ ದಾರಿ ಕಲಿಯುವುದರಲ್ಲಿ ಹಿಂದುಳಿದವು.

ಮನುಷ್ಯರ ಮೆದುಳಿನಲ್ಲಿ ಇದನ್ನು ಹೀಗೆ ನೇರವಾಗಿ ನೋಡುವುದು ಕಷ್ಟ. ಅದಕ್ಕೆ ಜರ್ಮನಿಯಲ್ಲಿ ಬ್ಯೋರ್ನ್ ರಾಷ್, ಯಾನ್ ಬೋರ್ನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಜೋಡಿ ಚಿತ್ರಗಳ ಕಾರ್ಡ್‌ಗಳು ಎಲ್ಲೆಲ್ಲಿವೆ ಎಂದು ನೆನಪಿಡುವ ಆಟವನ್ನು ಯುವಕ ಯುವತಿಯರು ಸಂಜೆ ಕಲಿತರು. ಕಲಿಯುವಾಗ ಅವರ ಮೂಗಿಗೆ ಗುಲಾಬಿಯ ಪರಿಮಳ ಬಿಡಲಾಗುತ್ತಿತ್ತು. ರಾತ್ರಿ ಅವರು ಗಾಢ ನಿದ್ದೆಯಲ್ಲಿದ್ದಾಗ, ಎಚ್ಚರವಾಗದಂತೆ, ಅದೇ ಪರಿಮಳವನ್ನು ಮತ್ತೆ ಬಿಟ್ಟರು. ಬೆಳಗ್ಗೆ ಅವರಿಗೆ ಸುಮಾರು ಶೇಕಡಾ 97ರಷ್ಟು ಜೋಡಿಗಳು ನೆನಪಿದ್ದವು. ವಾಸನೆಯಿಲ್ಲದ ಗಾಳಿ ಬಿಟ್ಟ ರಾತ್ರಿಯ ನಂತರ ಅದು ಸುಮಾರು 86 ಆಗಿತ್ತು. ಕನಸುಗಳು ಹೆಚ್ಚಾಗಿ ಬೀಳುವ ಹಂತದಲ್ಲಿ ಪರಿಮಳ ಬಿಟ್ಟಾಗ ಪ್ರಯೋಜನವಾಗಲಿಲ್ಲ. ಕಲಿಯುವಾಗ ಆ ಪರಿಮಳ ಇರದಿದ್ದರೆ ನಿದ್ದೆಯಲ್ಲಿ ಬಿಟ್ಟಾಗಲೂ ಆಗಲಿಲ್ಲ. ನಿದ್ದೆಯಲ್ಲಿ ಹೊರಗಿನ ಗಲಾಟೆ ಇಲ್ಲದಿರುವುದರಿಂದ ನೆನಪು ಉಳಿಯುತ್ತದೆ ಅಷ್ಟೇ ಎಂಬ ಹಳೆಯ ವಾದವೊಂದಿದೆ. ಬರೀ ನಿಶ್ಶಬ್ದವೇ ಕಾರಣವಾಗಿದ್ದರೆ ಒಂದು ಪರಿಮಳ ಇಷ್ಟು ವ್ಯತ್ಯಾಸ ಮಾಡಬೇಕಾಗಿರಲಿಲ್ಲ.

ಇದರ ಮಿತಿಯನ್ನೂ ಹೇಳಬೇಕು. ನಿದ್ದೆ ಗಟ್ಟಿಮಾಡುವುದು ಹಗಲಲ್ಲಿ ಕಲಿತದ್ದನ್ನು. ಓದದ ಪಾಠವನ್ನು ಅದು ಕಲಿಸುವುದಿಲ್ಲ. ಮಲಗಿರುವ ಮಗುವಿನ ಕಿವಿಗೆ ಪಾಠದ ಧ್ವನಿಮುದ್ರಣ ಹಾಕಿ ಫಲ ನಿರೀಕ್ಷಿಸುವ ತಾಯಂದಿರಿದ್ದಾರೆ. ಅವರಿಗೆ ನಾನು ಹೇಳುವುದು, ದಯವಿಟ್ಟು ಅದನ್ನು ಆರಿಸಿ, ಮಗು ಮಲಗಲಿ.

ಈಗ ಹನ್ನೊಂದೂವರೆಯಿಂದ ನಾಲ್ಕೂವರೆಯ ಲೆಕ್ಕಕ್ಕೆ ಬರೋಣ. ಗಾಢ ನಿದ್ದೆ ರಾತ್ರಿಯ ಮೊದಲರ್ಧದಲ್ಲಿ ದಟ್ಟವಾಗಿರುತ್ತದೆ, ಆದ್ದರಿಂದ ಐದು ಗಂಟೆಯಲ್ಲಿ ಅದರ ಬಹುಪಾಲು ಸಿಕ್ಕಿಬಿಡುತ್ತದೆ. "ಹಾಗಾದರೆ ತೊಂದರೆಯೇನು?" ಎನ್ನಬಹುದು. ಕತ್ತರಿಸಿಹೋಗುವುದು ಕೊನೆಯ ಎರಡು ಮೂರು ಗಂಟೆಗಳು. ಅವುಗಳಲ್ಲಿ ಕನಸಿನ ನಿದ್ದೆ ಹೆಚ್ಚು, ನೆನಪಿಗೆ ನೆರವಾಗುವ ಸ್ಪಿಂಡಲ್ ಎಂಬ ಅಲೆಗಳು ತುಂಬಿರುವ ಮಧ್ಯಮ ನಿದ್ದೆಯೂ ಹೆಚ್ಚು. ಆದರೆ ನನಗೆ ಇದಕ್ಕಿಂತ ದೊಡ್ಡ ಚಿಂತೆ ಮರುದಿನದ್ದು. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಶಿಫಾರಸು ಮಾಡುತ್ತಾರೆ. ಐದೇ ಗಂಟೆ ಮಲಗುವ ಹುಡುಗಿ ಪ್ರತಿದಿನ ಮೂರು ಗಂಟೆಯ ಸಾಲ ಮಾಡುತ್ತಿದ್ದಾಳೆ.

ಆ ಸಾಲ ಹೇಗೆ ಬೆಳೆಯುತ್ತದೆ ಎಂಬುದನ್ನು ಅಮೆರಿಕದಲ್ಲಿ ಹಾನ್ಸ್ ವ್ಯಾನ್ ಡೊಂಗೆನ್ ಮತ್ತು ಡೇವಿಡ್ ಡಿಂಜಸ್ ಅವರ ತಂಡ 2003ರಲ್ಲಿ ತೋರಿಸಿತು. 48 ಆರೋಗ್ಯವಂತ ವಯಸ್ಕರನ್ನು ಪ್ರಯೋಗಾಲಯದಲ್ಲೇ ಇರಿಸಿ, ಕೆಲವರಿಗೆ ಎಂಟು, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆಯಂತೆ ಹದಿನಾಲ್ಕು ರಾತ್ರಿ ಮಲಗಲು ಬಿಟ್ಟರು. ಇನ್ನೊಂದು ಗುಂಪನ್ನು ಮೂರು ರಾತ್ರಿ ಮಲಗಲೇ ಬಿಡಲಿಲ್ಲ. ಎಲ್ಲರಿಗೂ ಹಗಲಲ್ಲಿ ಒಂದು ಸರಳ ಪರೀಕ್ಷೆ ಇತ್ತು. ಹತ್ತು ನಿಮಿಷ ಪರದೆ ನೋಡುತ್ತಿರಬೇಕು, ಗುರುತು ಕಂಡ ಕೂಡಲೇ ಗುಂಡಿ ಒತ್ತಬೇಕು. ಅರ್ಧ ಸೆಕೆಂಡಿಗಿಂತ ತಡವಾದರೆ ಗಮನ ತಪ್ಪಿತೆಂದು ಲೆಕ್ಕ. ಎಂಟು ಗಂಟೆಯವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆರು ಗಂಟೆಯವರ ತಪ್ಪುಗಳು ದಿನದಿಂದ ದಿನಕ್ಕೆ ಏರುತ್ತಾ, ಎರಡು ವಾರದ ಕೊನೆಗೆ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟ ಮುಟ್ಟಿದವು. ನಾಲ್ಕು ಗಂಟೆಯವರದು ಎರಡು ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಹೋಯಿತು.

ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. "ಎಷ್ಟು ನಿದ್ದೆ ಬರುತ್ತಿದೆ?" ಎಂದು ಕೇಳಿದಾಗ ಅವರ ಉತ್ತರ ಮೊದಲ ಕೆಲವು ದಿನ ಏರಿ, ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಗಮನ ಕುಸಿಯುತ್ತಲೇ ಇತ್ತು, ಅವರಿಗೆ ಮಾತ್ರ ಒಗ್ಗಿಹೋದಂತೆ ಅನಿಸುತ್ತಿತ್ತು. ಆದ್ದರಿಂದ "ನನಗೆ ಐದು ಗಂಟೆ ಅಭ್ಯಾಸವಾಗಿದೆ ಅಂಕಲ್" ಎಂದು ಮಕ್ಕಳು ಹೇಳಿದಾಗ ಅವರು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಗೊತ್ತು. ಕೊರತೆಯನ್ನು ಅಳೆಯಬೇಕಾದ ಮೆದುಳೇ ಕೊರತೆಯಲ್ಲಿದೆ. ಹೊರಗಿನ ಗುರುತುಗಳನ್ನೇ ನೋಡಬೇಕು. ಒಂದೇ ಸಾಲನ್ನು ಮೂರು ಸಲ ಓದುವುದು, ಗೊತ್ತಿರುವ ಲೆಕ್ಕದಲ್ಲೇ ಋಣ ಚಿಹ್ನೆ ಬಿಟ್ಟುಹೋಗುವುದು, ಪ್ರಶ್ನೆಯಲ್ಲಿರುವ ಸಂಖ್ಯೆಯನ್ನು ತಪ್ಪಾಗಿ ಇಳಿಸಿಕೊಳ್ಳುವುದು, ಬಸ್ಸಿನಲ್ಲಿ ಕುಳಿತ ಎರಡು ನಿಮಿಷಕ್ಕೆ ತೂಗುವುದು, ಭಾನುವಾರ ಎಬ್ಬಿಸದಿದ್ದರೆ ಮೂರು ಗಂಟೆ ಹೆಚ್ಚು ಮಲಗುವುದು. ಚಹಾ, ಕಾಫಿ ಈ ತೂಕಡಿಕೆಯನ್ನು ಕೆಲಕಾಲ ಮರೆಸುತ್ತವೆ. ರಾತ್ರಿ ನಡೆಯಬೇಕಿದ್ದ ಕೆಲಸವನ್ನು ಅವು ಮಾಡಿಕೊಡುವುದಿಲ್ಲ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುವುದರಿಂದ ಮುಂದಿನ ನಿದ್ದೆಯನ್ನೂ ತೆಳುವಾಗಿಸುತ್ತವೆ.

ಹೀಗೆ ದಣಿದ ಮೆದುಳು ಬೆಳಗಿನ ಜಾವ ಓದಿದ್ದನ್ನು ಸರಿಯಾಗಿ ಒಳಗೆ ತೆಗೆದುಕೊಳ್ಳುವುದೂ ಇಲ್ಲ. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದವರಿಗೆ ಚಿತ್ರಗಳನ್ನು ತೋರಿಸಿ, ಆಮೇಲೆ ಚೆನ್ನಾಗಿ ಮಲಗಲು ಬಿಟ್ಟು, ಬಳಿಕ ಪರೀಕ್ಷಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರಿಗೆ ಕಡಿಮೆ ಚಿತ್ರಗಳು ನೆನಪಿದ್ದವು. ಚಿತ್ರ ನೋಡುವ ಹೊತ್ತಿನಲ್ಲೇ ಅವರ ಹಿಪೊಕ್ಯಾಂಪಸ್ ಮಂಕಾಗಿದ್ದದ್ದು ಸ್ಕ್ಯಾನ್‌ನಲ್ಲಿ ಕಂಡಿತ್ತು. ನಿದ್ದೆಯಿಂದ ಕಸಿದುಕೊಂಡ ಗಂಟೆ ಓದಿಗೆ ಪೂರ್ತಿ ಗಂಟೆಯಾಗಿ ಸಿಗುವುದಿಲ್ಲ.

ಮನಸ್ಸಿನ ಮಾತು ಇನ್ನೂ ಉಳಿದಿದೆ. ತಂದೆತಾಯಿಗಳು ನನ್ನ ಬಳಿ ನಿದ್ದೆಯ ಬಗ್ಗೆ ಕೇಳಿ ಮುಗಿಸಿದ ಮೇಲೆ, ಹೊರಡುವ ಮುಂಚೆ, "ಈಗೀಗ ಮುಟ್ಟಿದರೆ ಸಿಡುಕುತ್ತಾಳೆ, ಸುಮ್ಮಸುಮ್ಮನೆ ಅಳುತ್ತಾಳೆ" ಎನ್ನುವುದುಂಟು. ಇವೆರಡೂ ಒಂದೇ ವಿಷಯವಿರಬಹುದೆಂದು ಅವರಿಗೆ ಹೊಳೆದಿರುವುದಿಲ್ಲ. ಮೆದುಳಿನ ಅಮಿಗ್ಡಲಾ ಎಂಬ ಭಾಗ ಭಯ, ಬೆದರಿಕೆ, ಕಹಿ ಸಂಗತಿಗಳಿಗೆ ಥಟ್ಟನೆ ಸ್ಪಂದಿಸುತ್ತದೆ. ಹಣೆಯ ಹಿಂದಿನ ಭಾಗ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಸುಮಾರು 35 ಗಂಟೆ ಎಚ್ಚರವಿದ್ದವರಿಗೆ ಕಹಿ ಚಿತ್ರಗಳನ್ನು ತೋರಿಸಿದಾಗ ಅಮಿಗ್ಡಲಾದ ಪ್ರತಿಕ್ರಿಯೆ ಮಲಗಿದ್ದವರಿಗಿಂತ ಶೇಕಡಾ 60ರಷ್ಟು ಹೆಚ್ಚಿತ್ತು, ಹಣೆಯ ಭಾಗದೊಂದಿಗೆ ಅದರ ಸಂಪರ್ಕ ಸಡಿಲವಾಗಿತ್ತು. ಇಂಥ ಸ್ಥಿತಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಕಡಿಮೆ ಅಂಕ ಬದುಕೇ ಮುಗಿದಂತೆ ಕಾಣಬಹುದು. ದಯವಿಟ್ಟು ಆ ಹೊತ್ತಿನಲ್ಲಿ ಮಗುವಿನ ಜೊತೆ ಭವಿಷ್ಯದ ಚರ್ಚೆಗೆ ಇಳಿಯಬೇಡಿ. ಮೊದಲು ಮಲಗಿಸಿ.

ಹಾಗಾದರೆ ಏನು ಮಾಡಬೇಕು? ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಓದು ಎಂದ ನಮ್ಮ ಹಿರಿಯರು ರಾತ್ರಿ ಎಂಟೂವರೆ, ಒಂಬತ್ತಕ್ಕೆ ಹಾಸಿಗೆ ಸೇರುತ್ತಿದ್ದರು. ಹದಿಹರೆಯದಲ್ಲಿ ದೇಹದ ಗಡಿಯಾರ ಸಹಜವಾಗಿಯೇ ತಡವಾಗುವುದರಿಂದ ಮಕ್ಕಳಿಗೆ ಒಂಬತ್ತಕ್ಕೆ ನಿದ್ದೆ ಹತ್ತುವುದು ಕಷ್ಟ. ಹತ್ತು ಗಂಟೆಗೆ ದೀಪ ಆರಿಸಿ ಆರಕ್ಕೆ ಏಳುವುದು ಹೆಚ್ಚಿನವರಿಗೆ ಸಾಧ್ಯ. ಕಷ್ಟದ ಪಾಠವನ್ನು ಸಂಜೆ ಓದಿ, ಮಲಗುವ ಮುನ್ನ ಪುಸ್ತಕ ಮುಚ್ಚಿ ಒಮ್ಮೆ ನೆನಪಿನಿಂದ ಬರೆದು ನೋಡಲಿ. ಬೆಳಗ್ಗೆ ಅದೇ ಪುಟದಿಂದ ಆರಂಭಿಸಲಿ. ಒಂದು ದಿನ ಅನಿವಾರ್ಯವಾಗಿ ಒಂದು ಒಂದೂವರೆ ಗಂಟೆ ನಿದ್ದೆ ಕಡಿಮೆಯಾದರೆ ಗಾಬರಿ ಬೇಡ, ಎರಡು ವಾರ ಸತತವಾಗಿ ಆಗುವುದು ಬೇಡ. ಪರೀಕ್ಷೆಯ ಹಿಂದಿನ ರಾತ್ರಿ ಆತಂಕದಿಂದ ನಿದ್ದೆಯೇ ಬರದಿದ್ದರೂ ಹೆದರಬೇಕಿಲ್ಲ. ಹಿಂದಿನ ವಾರಗಳಲ್ಲಿ ಚೆನ್ನಾಗಿ ಓದಿ, ಮಲಗಿ, ಗಟ್ಟಿಯಾದದ್ದು ಒಂದು ರಾತ್ರಿಯಲ್ಲಿ ಅಳಿಸಿಹೋಗುವುದಿಲ್ಲ. ಉತ್ತರ ಬರೆದಾದ ಮೇಲೆ ಚಿಹ್ನೆಗಳನ್ನೂ ಸಂಖ್ಯೆಗಳನ್ನೂ ಎರಡನೆಯ ಸಲ ನೋಡುವಂತೆ ಮಾತ್ರ ಹೇಳಿ.

ಬರೀ ನಿದ್ದೆಗೇಡಿನ ಸಿಡುಕಾದರೆ ಕೆಲವು ರಾತ್ರಿಗಳ ಒಳ್ಳೆಯ ನಿದ್ದೆಗೆ ಇಳಿಯುತ್ತದೆ. ಸಾಕಷ್ಟು ಹೊತ್ತು ಮಲಗಲು ಬಿಟ್ಟ ಮೇಲೂ ಎರಡು ವಾರ ಮಂಕು ಹಾಗೆಯೇ ಇದ್ದರೆ, ಊಟ, ಸ್ನೇಹಿತರು ಯಾವುದೂ ಬೇಡವಾದರೆ, ಮಲಗಿದರೂ ನಿದ್ದೆ ಬಾರದಿದ್ದರೆ ಅದನ್ನು ಪರೀಕ್ಷೆಯ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಾಯಲ್ಲಿ ಬಂದರಂತೂ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಆ ಕೂಡಲೇ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.