ಮೊಸರನ್ನದ ಮೇಲಿನ ಆರೋಪ

ಇಂದು ಬೆಳಿಗ್ಗೆ ಮಗಳು ಗಂಟಲು ನೋವೆಂದಾಗ, ಅಮ್ಮ ನಿನ್ನೆ ರಾತ್ರಿಯ ಮೊಸರನ್ನವನ್ನೇ ದೂಷಿಸಿದರು.

ನಾನು ದಿನಗಳನ್ನು ಎಣಿಸಿದೆ. ನೆಗಡಿಯ ವೈರಸ್ ದೇಹವನ್ನು ಸೇರಿದ ಮೇಲೆ ಲಕ್ಷಣಗಳು ತೋರಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕಾಗುವುದರಿಂದ, ಗುರುವಾರ ಶಾಲೆಯ ವ್ಯಾನಿನಲ್ಲಿ ಪಕ್ಕದಲ್ಲೇ ಕುಳಿತು ಸೀನುತ್ತಿದ್ದ ಗೆಳತಿಯ ಮೇಲೆಯೇ ನನ್ನ ಅನುಮಾನ. ಪಾಪದ ಮೊಸರು!

ತಣ್ಣಗಿನ ಪದಾರ್ಥ ಗಂಟಲನ್ನು ಕ್ಷಣಕಾಲ ಕೆರಳಿಸಬಹುದು, ಆದರೆ ತಂಪು ಸೋಂಕನ್ನು ಹುಟ್ಟಿಸುವುದಿಲ್ಲ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಐಸ್‌ಕ್ರೀಮ್ ಕೊಡಲು ಹೇಳುವುದೂ ಉಂಟು.

ಮೂಗು ಸೋರುತ್ತಿದೆ, ಕೆಮ್ಮೂ ಇದೆ. ಆದ್ದರಿಂದ ಇದು ವೈರಸ್ಸೇ ಇರಬೇಕು. ಕೆಮ್ಮಿಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕಲೆ, ಕತ್ತಿನಲ್ಲಿ ನೋಯುವ ಗಂಟು ಕಂಡರೆ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಬೇಕು.

ಮಧ್ಯಾಹ್ನ ಮೊಸರನ್ನವನ್ನೇ ಬಡಿಸಿದೆ. ಅಮ್ಮ ಮಾತಾಡಲಿಲ್ಲ.