ಖಾತೆ ಬದಲಾಯಿಸಲು ಹೋದಾಗ ಗೊತ್ತಾದ ಅಜ್ಜಿಯ ಪಾಲು

ಅಪ್ಪ ತೀರಿಕೊಂಡಿದ್ದು 2016ರಲ್ಲಿ. ಮನೆ ಕಂದಾಯ ಮಾತ್ರ ಕಳೆದ ವರ್ಷದವರೆಗೂ ಅವರ ಹೆಸರಲ್ಲೇ ಹೋಗುತ್ತಿತ್ತು. ಪಾಲಿಕೆ ಕೌಂಟರಿನಲ್ಲಿ ದುಡ್ಡು ಯಾರು ಕಟ್ಟಿದರೂ ತಗೊಳ್ಳುತ್ತಾರೆ, ರಸೀದಿ ಖಾತೆದಾರರ ಹೆಸರಿಗೆ ಬರುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಸಿಗುತ್ತದೆ ಅಂತ ಅಮ್ಮ ನೆನಪಿಟ್ಟುಕೊಂಡು ಕಟ್ಟಿಸುತ್ತಿದ್ದರು. ಹೀಗಿದ್ದರೆ ಎಷ್ಟು ವರ್ಷ ಬೇಕಾದರೂ ನಡೆದುಹೋಗುತ್ತದೆ. ಮನೆ ಮೇಲೆ ಸಾಲ ಬೇಕಾದಾಗ, ಇಲ್ಲಾ ಮಾರಬೇಕಾದಾಗ ಮಾತ್ರ ನಿಲ್ಲುತ್ತದೆ. ನಮಗೆ ಬೇಕಾಗಿದ್ದು ಸಾಲ. ತಾರಸಿ ಸೋರುತ್ತಿತ್ತು, ಬ್ಯಾಂಕಿನವರು ಬದುಕಿರುವವರ ಹೆಸರಲ್ಲಿ ಇ-ಖಾತೆ ತನ್ನಿ ಅಂದರು.

ಸೈಟನ್ನು ಅಪ್ಪ 1994ರಲ್ಲಿ ಸ್ವಂತ ಸಂಬಳದಲ್ಲಿ ತಗೊಂಡಿದ್ದರು, ಕ್ರಯಪತ್ರ ಅವರೊಬ್ಬರ ಹೆಸರಿಗಿದೆ. ಉಯಿಲು ಬರೆದಿರಲಿಲ್ಲ. ಮನೆಯಲ್ಲಿ ಅಮ್ಮ, ನಾನು, ಮದುವೆಯಾಗಿ ಬೇರೆ ಊರಲ್ಲಿರುವ ತಂಗಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಕ್ರಯಪತ್ರದ ನಕಲು, ಹಳೇ ಖಾತೆ, ಆ ವರ್ಷದ ಕಂದಾಯದ ರಸೀದಿ, ಋಣಭಾರ ಪತ್ರ, ಎಲ್ಲರ ಗುರುತಿನ ಚೀಟಿ, ಇಷ್ಟು ಜೋಡಿಸಿಕೊಂಡು ವಲಯ ಕಚೇರಿಗೆ ಹೋದೆವು.

ಅಲ್ಲಿನ ವಿಷಯ ನಿರ್ವಾಹಕಿ ಕಾಗದಗಳನ್ನು ಒಂದೊಂದಾಗಿ ತಿರುವಿದರು. ವಂಶವೃಕ್ಷಕ್ಕೆ ಬಂದಾಗ ನಿಂತರು. ನಾಡಕಚೇರಿಯಿಂದ ಬಂದ ಆ ಪತ್ರದಲ್ಲಿ ಅಪ್ಪನ ಕೆಳಗೆ ನಾವು ಮೂವರು, ಮೇಲೆ ತಾತ, ಅಜ್ಜಿ, ಇಬ್ಬರ ಹೆಸರಿನ ಮುಂದೆಯೂ 'ಮೃತ' ಅಂತ ಇತ್ತು.

"ನಿಮ್ಮ ಅಜ್ಜಿ ಯಾವಾಗ ತೀರಿಕೊಂಡಿದ್ದು?"

"2019ರಲ್ಲಿ ಮೇಡಂ."

"ಅಪ್ಪ 2016. ಅಂದ್ರೆ ಅಪ್ಪ ಹೋದಾಗ ಅಜ್ಜಿ ಇದ್ರು, ಅಲ್ವಾ?"

ಹೌದು ಅಂದೆ. ಅವರು ಹಳೇ ನೋಟಿಸಿನ ಹಿಂದೆ ಪೆನ್ಸಿಲಿನಲ್ಲಿ ಅಪ್ಪನ ಹೆಸರು ಬರೆದು, ಅದರಿಂದ ನಾಲ್ಕು ಗೆರೆ ಎಳೆದರು. ಅಮ್ಮ, ನಾನು, ತಂಗಿ, ಅಜ್ಜಿ. ಆಮೇಲೆ ಅಜ್ಜಿಯ ಹೆಸರಿನಿಂದ ಮತ್ತೆ ಕೆಳಕ್ಕೆ ಗೆರೆ. "ಇವರ ಮಕ್ಕಳು ಎಷ್ಟು ಜನ, ಬರೀರಿ" ಅಂತ ಪೆನ್ಸಿಲು ನನ್ನ ಕೈಗೆ ಕೊಟ್ಟರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡಸೊಬ್ಬ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಗಳಿಕೆ ಮೊದಲ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಅಂತ ಎಲ್ಲರಿಗೂ ಗೊತ್ತು. ಆದರೆ ಆ ಪಟ್ಟಿಯಲ್ಲಿ ಸತ್ತವನ ತಾಯಿಯೂ ಇದ್ದಾಳೆ. ತಂದೆ ಇಲ್ಲ, ಅವನು ಎರಡನೇ ವರ್ಗದವನು. ಹಾಗಾಗಿ ಅಪ್ಪ ಹೋದ ದಿನವೇ ಮನೆಯ ಕಾಲು ಭಾಗ ಅಜ್ಜಿಯದಾಯಿತು. ಅಜ್ಜಿ ಕೇಳಲಿಲ್ಲ, ನಾವು ಕೊಡಲಿಲ್ಲ, ಒಂದು ಕಾಗದವೂ ಆಗಲಿಲ್ಲ, ಆದರೂ ಅದು ಅವರದು. ಮೂರು ವರ್ಷ ಬಿಟ್ಟು ಅಜ್ಜಿ ಹೋದಾಗ ಆ ಕಾಲು ಭಾಗ ವಾಪಸ್ ನಮ್ಮ ಮನೆಗೇ ಬರಲಿಲ್ಲ, ಅಜ್ಜಿಯ ಮಕ್ಕಳಿಗೆಲ್ಲ ಹಂಚಿಹೋಯಿತು. ಅಂದರೆ ಚಿಕ್ಕಪ್ಪನಿಗೆ, ಅತ್ತೆಗೆ, ಮತ್ತೆ ಅಜ್ಜಿಗಿಂತ ಮೊದಲೇ ಹೋದ ಅಪ್ಪನ ಬದಲಿಗೆ ನನಗೆ, ತಂಗಿಗೆ. ಅಮ್ಮನಿಗೆ ಇದರಲ್ಲಿ ಪಾಲಿಲ್ಲ. ಹೆಂಗಸಿನ ಆಸ್ತಿ ಹಂಚುವಾಗ ಮೊದಲೇ ತೀರಿಕೊಂಡ ಮಗನ ಮಕ್ಕಳು ಬರುತ್ತಾರೆ, ಅವನ ಹೆಂಡತಿ ಬರುವುದಿಲ್ಲ.

ಲೆಕ್ಕಕ್ಕೆ ಮನೆ 36 ಲಕ್ಷ ಅಂತ ಇಟ್ಟುಕೊಳ್ಳಿ. ಅಪ್ಪ ಹೋದಾಗ ನಾಲ್ವರಿಗೂ ತಲಾ 9 ಲಕ್ಷ. ಅಜ್ಜಿಯ 9 ಲಕ್ಷ ಮೂರು ಕವಲಾಗಿ ಚಿಕ್ಕಪ್ಪನಿಗೆ 3, ಅತ್ತೆಗೆ 3, ಉಳಿದ 3 ಲಕ್ಷ ನನಗೂ ತಂಗಿಗೂ ಅರ್ಧರ್ಧ. ಹಾಗಾಗಿ ಅಮ್ಮನದು 9, ನನ್ನದು ಹತ್ತೂವರೆ, ತಂಗಿಯದು ಹತ್ತೂವರೆ. ಅಪ್ಪನ ಮನೆಯಲ್ಲಿ ಆರನೇ ಒಂದು ಭಾಗ, ಅಲ್ಲಿ ಒಂದು ದಿನವೂ ಸಂಸಾರ ಮಾಡದ ಇಬ್ಬರದು ಅಂತಾಯಿತು.

ಅಜ್ಜಿ ಅಪ್ಪನಿಗಿಂತ ಮೊದಲೇ ಹೋಗಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ. ಮರಣ ಪ್ರಮಾಣಪತ್ರದಲ್ಲಿ ತಾರೀಕು ನೋಡಬೇಕು ಅನ್ನುವುದು ಅದಕ್ಕೇ. ಎರಡೂ ಪತ್ರ ಪಕ್ಕಪಕ್ಕ ಇಟ್ಟು ಯಾರು ಮೊದಲು, ಯಾರು ಆಮೇಲೆ ಅಂತ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಕಚೇರಿಯಿಂದ ಹೊರಗೆ ಬಂದಾಗ ಅರ್ಜಿ ಬರೆದುಕೊಡುವವರೊಬ್ಬರು ವಿಷಯ ಕೇಳಿ, ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ ಅಂದರು. ಅಜ್ಜಿ ಹೆಸರು ಬಿಟ್ಟು ಇನ್ನೊಂದು ವಂಶವೃಕ್ಷದ ಅಫಿಡವಿಟ್ ಮಾಡಿಸಿ, ಇಲ್ಲಾಂದ್ರೆ ಚಿಕ್ಕಪ್ಪ, ಅತ್ತೆಯವರಿಂದ ಸ್ಟಾಂಪ್ ಪೇಪರ್ ಮೇಲೆ 'ನಮ್ಮ ತಕರಾರಿಲ್ಲ' ಅಂತ ನೋಟರಿ ಮಾಡಿಸಿ, ಖಾತೆ ಆಗುತ್ತೆ. ಮೊದಲನೆಯದು ಸುಳ್ಳು ಪ್ರಮಾಣ, ಅದರ ಮಾತೇ ಬೇಡ. ಎರಡನೆಯದನ್ನು ತುಂಬ ಜನ ಒಳ್ಳೇ ಮನಸ್ಸಿನಿಂದಲೇ ಮಾಡಿಸುತ್ತಾರೆ, ಅದರಲ್ಲಿ ಖಾತೆ ಆಗಿಬಿಡುವುದೂ ಉಂಟು. ತೊಂದರೆ ಇರುವುದು ಅಲ್ಲೇ. ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಬಿಟ್ಟುಕೊಡಬೇಕಾದರೆ ಬಿಡುಗಡೆ ಪತ್ರ ನೋಂದಣಿ ಆಗಬೇಕು. ನೋಟರಿ ಕಾಗದ ತಕರಾರಿಲ್ಲ ಅಂತಷ್ಟೇ ಹೇಳುತ್ತದೆ, ಪಾಲನ್ನು ದಾಟಿಸುವುದಿಲ್ಲ. ಖಾತೆಯೂ ಅಷ್ಟೇ, ಕಂದಾಯ ಯಾರು ಕಟ್ಟಬೇಕು ಅಂತ ಪಾಲಿಕೆ ಇಟ್ಟುಕೊಂಡಿರುವ ಲೆಕ್ಕ ಅದು, ಹಕ್ಕುಪತ್ರ ಅಲ್ಲ. ಇದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಖಾತೆಯಲ್ಲಿ ನಮ್ಮ ಮೂವರ ಹೆಸರಷ್ಟೇ ಇದ್ದು, ಹತ್ತು ವರ್ಷ ಬಿಟ್ಟು ಮನೆ ಮಾರಲು ಹೋದರೆ ಕೊಳ್ಳುವವರ ಬ್ಯಾಂಕಿನ ವಕೀಲರು ಇದೇ ಎರಡು ತಾರೀಕು ನೋಡುತ್ತಾರೆ, ಇದೇ ಪ್ರಶ್ನೆ ಕೇಳುತ್ತಾರೆ. ಅಷ್ಟು ಹೊತ್ತಿಗೆ ಚಿಕ್ಕಪ್ಪನೋ ಅತ್ತೆಯೋ ಇಲ್ಲದಿದ್ದರೆ, ಸಹಿಗೆ ಅವರ ಮಕ್ಕಳ ಮನೆ ಬಾಗಿಲಿಗೆ ಹೋಗಬೇಕು.

ಹಾಗಾದರೆ ಮೊದಲು ಬಿಡುಗಡೆ ಪತ್ರ ಮಾಡಿಸಿಕೊಂಡು ಬರೋಣ ಅಂದುಕೊಂಡರೆ, ಅದೂ ಆಗಲ್ಲ ಅಂದರು ಮೇಡಂ. ಈಗ ನೋಂದಣಿಗೆ ಇ-ಖಾತೆ ಬೇಕು, ಬರೆದುಕೊಡುವವರ ಹೆಸರು ಖಾತೆಯಲ್ಲಿ ಇರಬೇಕು, ಖಾತೆಯಲ್ಲಿ ಇರುವುದು ತೀರಿಕೊಂಡವರ ಹೆಸರು. ಅದಕ್ಕೆ ಅವರು ಹೇಳಿದ ದಾರಿ ಇದು: ಮೊದಲು ಐದೂ ಜನರ ಹೆಸರಿಗೆ ವಾರಸಾ ಖಾತೆ, ಆಮೇಲೆ ಚಿಕ್ಕಪ್ಪ, ಅತ್ತೆ ಇಬ್ಬರಿಂದ ನಮ್ಮ ಮೂವರಿಗೆ ನೋಂದಾಯಿತ ಬಿಡುಗಡೆ ಪತ್ರ, ಅದರ ಮೇಲೆ ಎರಡನೇ ಸಲ ಖಾತೆ ಬದಲಾವಣೆ. ಉದ್ದದ ದಾರಿ, ನಿಜ. ಆದರೆ ಎಲ್ಲೂ ಗಂಟು ಉಳಿಯುವುದಿಲ್ಲ.

ಇದನ್ನು ಚಿಕ್ಕಪ್ಪನಿಗೆ ಹೇಳುವುದೇ ಕಷ್ಟದ ಕೆಲಸ ಆಗಿತ್ತು. ಫೋನಿನಲ್ಲಿ ಬೇಡ ಅಂತ ಮನೆಗೇ ಹೋದೆವು. ಅವರಿಗೆ ಬೇಜಾರಾಗಿದ್ದು ಬೇರೆಯದಕ್ಕೆ. "ಅಣ್ಣ ಕಟ್ಟಿದ ಮನೆ ಕಣೋ ಅದು, ಅದರ ಖಾತೆಗೆ ನನ್ನ ಹೆಸರು ಯಾಕೆ ಸೇರಿಸ್ತೀರಿ, ನೋಡಿದವರು ಏನಂದ್ಕೊಳ್ತಾರೆ" ಅಂದರು. ಸೇರಿಸದಿದ್ದರೆ ಬಿಡಿಸಿಕೊಳ್ಳಲು ಆಗುವುದಿಲ್ಲ ಅಂತ ಪೆನ್ಸಿಲಿನ ಆ ಚೀಟಿ ತೋರಿಸಿ ಹೇಳಿದೆ. ಅತ್ತೆ ಸುಮ್ಮನೆ ಕೇಳಿಸಿಕೊಂಡು, ಎಲ್ಲಿ ಸಹಿ ಹಾಕಬೇಕು ಹೇಳು ಅಂದರು. ಅವರ ಮಗ ಮಾತ್ರ ಲೆಕ್ಕವನ್ನು ಇನ್ನೊಂದು ಸಲ ಕೇಳಿದ. ಕೇಳಿದ್ದು ಸರಿ. ಅವನ ತಾಯಿಯ 3 ಲಕ್ಷದ ಮಾತು ಅದು, ಗೊತ್ತಿಲ್ಲದೆ ಸಹಿ ಹಾಕಿಸುವುದಕ್ಕಿಂತ ಗೊತ್ತಿದ್ದು ಹಾಕಿಸುವುದು ನಮಗೂ ಬೇಕಿತ್ತು.

ತಂಗಿಯ ವಿಚಾರಕ್ಕೂ ಒಂದು ಮಾತು ಬಂತು. ಅವಳ ಮದುವೆಯಾಗಿದೆ, ಅವಳಿಂದಲೂ ಬಿಡುಗಡೆ ಬರೆಸಿಕೊಂಡುಬಿಡು, ಒಂದೇ ಖರ್ಚಲ್ಲಿ ಮುಗಿಯುತ್ತೆ ಅಂತ ನೆಂಟರೊಬ್ಬರು ಹೇಳಿದರು. ಅಪ್ಪನ ಸ್ವಂತ ಗಳಿಕೆಯಲ್ಲಿ ಮಗಳಿಗೆ ಮಗನಷ್ಟೇ ಪಾಲು 1956ರಿಂದಲೇ ಇದೆ, ಮದುವೆಗೂ ಅದಕ್ಕೂ ಸಂಬಂಧ ಇಲ್ಲ. ಅವಳ ಹೆಸರು ಇರಲಿ ಅಂತ ಅಮ್ಮನೇ ಹೇಳಿದರು, ಅದರ ಮೇಲೆ ಮಾತು ಬೆಳೆಯಲಿಲ್ಲ.

ಅರ್ಜಿ ಹಾಕಿದ ಮೇಲೆ ಆಕ್ಷೇಪಣೆ ಇದ್ದರೆ ತಿಳಿಸಿ ಅಂತ ನೋಟಿಸ್ ಆಯಿತು, ಕಂದಾಯ ನಿರೀಕ್ಷಕರು ಮನೆ ನೋಡಿಕೊಂಡು ಹೋದರು. ಇಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದಿದ್ದು ಒಂದೇ ಅಭ್ಯಾಸ: ಬಾಯಿಮಾತಿನಲ್ಲಿ ಏನಾದರೂ ಕೊರತೆ ಹೇಳಿದರೆ, ಹಿಂಬರಹ ಕೊಡಿ ಸಾರ್ ಅಂತ ಕೇಳುವುದು. ಹಿಂಬರಹ ಅಂದರೆ ಅರ್ಜಿ ಯಾಕೆ ನಿಂತಿದೆ ಅಂತ ಕಚೇರಿಯೇ ಬರೆದು ಸಹಿ ಹಾಕಿ ಕೊಡುವ ಪತ್ರ. ಒಮ್ಮೆ ಫೈಲ್ ಸುಮ್ನೆ ಕೂತಿತ್ತು, ಇಂದು ನಾಳೆ ಅನ್ನುತ್ತಿದ್ದರು. ಲಿಖಿತವಾಗಿ ಕೊಡಿ ಅಂದ ಮೇಲೆ ಕ್ರಯಪತ್ರದಲ್ಲಿ ಅಪ್ಪನ ಹೆಸರಿಗೆ ಒಂದೇ ಇನಿಷಿಯಲ್, ಮರಣ ಪ್ರಮಾಣಪತ್ರದಲ್ಲಿ ಎರಡು ಅಂತ ಗೊತ್ತಾಯಿತು. ಇಬ್ಬರೂ ಒಬ್ಬರೇ ಅನ್ನುವ ಪ್ರಮಾಣಪತ್ರ, ಅಪ್ಪನ ಪಿಂಚಣಿ ಪುಸ್ತಕದ ನಕಲು ಕೊಟ್ಟ ಮೇಲೆ ಮುಂದಕ್ಕೆ ಹೋಯಿತು.

ತಡವಾಗಿದ್ದಕ್ಕೆ ಯಾರೂ ಬೈಯಲಿಲ್ಲ. ಆದರೆ 1976ರ ನಗರಪಾಲಿಕೆಗಳ ಕಾಯ್ದೆಯಲ್ಲಿ, 114ನೇ ಕಲಮಿನಲ್ಲಿ, ಕ್ರಯ ಆದರೆ ಮೂರು ತಿಂಗಳೊಳಗೆ, ಖಾತೆದಾರ ತೀರಿಕೊಂಡರೆ ಒಂದು ವರ್ಷದೊಳಗೆ ಪಾಲಿಕೆಗೆ ತಿಳಿಸಬೇಕು ಅಂತಿದೆ. 2017ರಲ್ಲೇ ಆ ಅರ್ಜಿ ಹೋಗಬೇಕಿತ್ತು, ಆಗಿನ್ನೂ ಅಜ್ಜಿ ಬದುಕಿದ್ದರು. ಒಬ್ಬರ ಸಹಿಯ ಬಿಡುಗಡೆ ಪತ್ರದಲ್ಲಿ ಮುಗಿಯುತ್ತಿದ್ದ ವಿಷಯ, ಈಗ ಇಬ್ಬರದಾಯಿತು. ಇನ್ನೂ ತಡವಾಗಿದ್ದರೆ ಎಷ್ಟು ಜನರದಾಗುತ್ತಿತ್ತೋ.

ಐದು ಹೆಸರಿನ ಇ-ಖಾತೆ ಬಂತು. ಬಿಡುಗಡೆ ಪತ್ರಕ್ಕೆ ಚಿಕ್ಕಪ್ಪ, ಅತ್ತೆ ಒಟ್ಟಿಗೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹೆಬ್ಬೆಟ್ಟು, ಫೋಟೋ ಕೊಟ್ಟರು. ಬಿಡುಗಡೆ ಪತ್ರದ ಮುದ್ರಾಂಕ ಶುಲ್ಕ ಬರೆದುಕೊಡುವವರಿಗೂ ಬರೆಸಿಕೊಳ್ಳುವವರಿಗೂ ಏನು ಸಂಬಂಧ ಅನ್ನುವುದರ ಮೇಲೆ ಹೋಗುತ್ತದೆ, ಆದ್ದರಿಂದ ಪತ್ರ ಬರೆಸುವ ಮೊದಲೇ ಸಂಬಂಧ ಹೇಳಿ ಅಲ್ಲೇ ಕೇಳಿಕೊಳ್ಳುವುದು ಒಳ್ಳೇದು. ನೋಂದಣಿ ಆದ ಮೇಲೆ ಎರಡನೇ ಬದಲಾವಣೆ ಮೊದಲಿನಷ್ಟು ಎಳೆಯಲಿಲ್ಲ.

ಕೊನೆಯ ಕರಡು ತೋರಿಸಿದಾಗ ಅಮ್ಮನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅಂತಿಮ ಆಗುವ ಮೊದಲಾದ್ದರಿಂದ ಅಲ್ಲೇ ಸರಿಮಾಡಿದರು, ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿದೆವು. ಬ್ಯಾಂಕಿಗೆ ಈಗ ಆ ಖಾತೆ ಕೊಟ್ಟಿದ್ದೇವೆ. ಕರೆಂಟ್ ಬಿಲ್ಲು, ನೀರಿನ ಸಂಪರ್ಕ ಇನ್ನೂ ಅಪ್ಪನ ಹೆಸರಲ್ಲೇ ಇವೆ. ಖಾತೆ ಬದಲಾದರೆ ಅವು ತಾವಾಗಿ ಬದಲಾಗುವುದಿಲ್ಲ, ಎರಡಕ್ಕೂ ಬೇರೆ ಬೇರೆ ಅರ್ಜಿ. ಅದಕ್ಕೆ ಬೇಕಾದ ನಕಲುಗಳನ್ನು ನಿನ್ನೆ ತೆಗೆಸಿಟ್ಟಿದ್ದೇನೆ.