ಯಾವ ವರ್ಷ ಬರೀಲಿ?

ಮಗಳು ಎರಡು ಪುಸ್ತಕ ಹಿಡಿದು ಬಂದಳು. ಬುದ್ಧ ತೀರಿಕೊಂಡದ್ದು ಒಂದರಲ್ಲಿ ಕ್ರಿ.ಪೂ. 486, ಇನ್ನೊಂದರಲ್ಲಿ ಸುಮಾರು 400. "ಯಾವುದು ಬರೀಲಿ ಅಪ್ಪಾ?"

ಬುದ್ಧನ ಕಾಲದ ಬರಹ ಒಂದೂ ಸಿಕ್ಕಿಲ್ಲ. ಕೈಗೆ ಗಟ್ಟಿಯಾಗಿ ಸಿಗುವವನು ಅಶೋಕ. ಅವನ 13ನೇ ಬಂಡೆ ಶಾಸನದಲ್ಲಿ ಐವರು ಗ್ರೀಕ್ ರಾಜರ ಹೆಸರಿದೆ. ಆ ರಾಜರು ಆಳಿದ ಕಾಲ ಗೊತ್ತಿರುವುದರಿಂದ ಅವನ ಪಟ್ಟಾಭಿಷೇಕ ಸುಮಾರು ಕ್ರಿ.ಪೂ. 268 ಅಂತ ಲೆಕ್ಕ ಸಿಗುತ್ತೆ.

ಅಲ್ಲಿಂದ ಬುದ್ಧ ತೀರಿಕೊಂಡ ವರ್ಷದವರೆಗೆ ಹಿಂದಕ್ಕೆ ಎಣಿಸಬೇಕು. ಸಿಂಹಳದ ಗ್ರಂಥಗಳ ಪ್ರಕಾರ 218 ವರ್ಷ, ಅಂದ್ರೆ 486. ಉತ್ತರದ ಬೌದ್ಧ ಗ್ರಂಥಗಳಲ್ಲಿ ಬರೀ 100, ಅಂದ್ರೆ 368! ಆ 100 ಸುಮ್ನೆ ದುಂಡು ಸಂಖ್ಯೆ ಅಂತ ನನ್ನ ಅನುಮಾನ. ಈಚಿನ ಹಲವು ವಿದ್ವಾಂಸರು ನಡುವೆ ಎಲ್ಲೋ, 400ರ ಆಸುಪಾಸು ನಿಲ್ಲುತ್ತಾರೆ.

ಮಹಾವೀರರದ್ದು ಜೈನ ಸಂಪ್ರದಾಯದಲ್ಲಿ 527. ಆದರೆ ಅವರು ಪಾವಾದಲ್ಲಿ ತೀರಿಕೊಂಡ ಸುದ್ದಿ ಬುದ್ಧನಿಗೆ ಬಂತು ಅಂತ ಬುದ್ಧನ ಉಪದೇಶಗಳಿರುವ ಪಾಳಿ ಸುತ್ತಗಳಲ್ಲಿದೆ. ಹಾಗಾದ್ರೆ ಬುದ್ಧ ಈಚೆಗೆ ಸರಿದರೆ ಮಹಾವೀರರೂ ಸರಿಯಬೇಕಾಗಬಹುದು, ಅಲ್ವಾ?

ಅವಳು 'ಸುಮಾರು' ಅಂತ ಸೇರಿಸಿ ಪುಸ್ತಕ ಮುಚ್ಚಿದಳು.